ನೋವು ಮೊಣಕಾಲಿನಲ್ಲಿ, ಸವೆತ ತೊಡೆಸಂದಿನಲ್ಲಿ

2019ರ ಜನವರಿಯಲ್ಲಿ, ಆಸ್ಟ್ರೇಲಿಯನ್ ಓಪನ್ ಟೆನಿಸ್ ಟೂರ್ನಿ ಶುರುವಾಗುವ ಮುನ್ನ, ಆಂಡಿ ಮರ್ರೆ ಮೆಲ್ಬರ್ನ್‌ನಲ್ಲಿ ಪತ್ರಕರ್ತರ ಮುಂದೆ ಕುಳಿತು ಅತ್ತುಬಿಟ್ಟರು. ಎರಡು ಸಲ ವಿಂಬಲ್ಡನ್ ಗೆದ್ದ ಆಟಗಾರನಿಗೆ ಆಗ 31 ವರ್ಷ. ಬಲ ಸೊಂಟದ ಕೀಲಿನ ನೋವು ಅವರನ್ನು ಬಹಳ ಕಾಲದಿಂದ ಕಾಡುತ್ತಿತ್ತು. ಒಂದು ಶಸ್ತ್ರಚಿಕಿತ್ಸೆಯೂ ಆಗಿತ್ತು. ಅಂದು ಅವರು ಹೇಳಿಕೊಂಡ ಕಷ್ಟ ಸರ್ವಿಸ್‌ನದ್ದಾಗಲಿ ಓಟದ್ದಾಗಲಿ ಅಷ್ಟೇ ಆಗಿರಲಿಲ್ಲ. ಬೂಟು, ಕಾಲುಚೀಲ ಹಾಕಿಕೊಳ್ಳುವುದಕ್ಕೂ ನೋವಾಗುತ್ತಿದೆ ಎಂದರು.

ಆ ಮಾತು ಕೇಳಿದ ಯಾವ ಮೂಳೆ ವೈದ್ಯರಿಗೂ ಅಚ್ಚರಿಯಾಗಿರಲಿಕ್ಕಿಲ್ಲ. ಸೊಂಟದ ಕೀಲಿನ ಸಂಧಿವಾತ ತನ್ನ ಇರವನ್ನು ಮೊದಲು ತಿಳಿಸುವುದು ಇಂಥ ಸಣ್ಣ ಕೆಲಸಗಳಲ್ಲೇ. ಕಾಲುಚೀಲ ಹಾಕಬೇಕಾದರೆ ತೊಡೆ ಹೊಟ್ಟೆಯ ಕಡೆಗೆ ಚೆನ್ನಾಗಿ ಮಡಚಬೇಕು, ಜೊತೆಗೆ ಹೊರಕ್ಕೆ ತಿರುಗಬೇಕು. ಕೀಲು ಬಿಗಿಯಾದರೆ ಎರಡೂ ಆಗುವುದಿಲ್ಲ. ನಮ್ಮ ಕಡೆ ಕಾಲುಚೀಲ ಹಾಕದವರೇ ಹೆಚ್ಚಿರಬಹುದು. ಆದರೆ ಇದೇ ಚಲನೆ ಬೇಡುವ ಕೆಲಸಗಳು ನಮಗೆ ಇನ್ನೂ ಹೆಚ್ಚು: ಕಾಲಿನ ಉಗುರು ಕತ್ತರಿಸುವುದು, ಕಾಲುಂಗುರ ಸರಿಮಾಡಿಕೊಳ್ಳುವುದು, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಕುಕ್ಕುರುಗಾಲಲ್ಲಿ ಕೂತು ಶೌಚ ಮಾಡುವುದು, ಕಾಲೆತ್ತಿ ಬೈಕ್ ಹತ್ತುವುದು. ನಲವತ್ತೈದು ಐವತ್ತರ ವಯಸ್ಸಿನಲ್ಲಿ ಇವುಗಳಲ್ಲಿ ಒಂದೊಂದೇ ಕೈತಪ್ಪುತ್ತಾ ಹೋದಾಗ ಜನ ‘ವಯಸ್ಸಾಯಿತು’ ಅಂದುಕೊಂಡು ಹೊಂದಿಕೊಳ್ಳುತ್ತಾರೆ. ನೆಲದ ಬದಲು ಕುರ್ಚಿ ಬರುತ್ತದೆ, ಬೂಟಿನ ಬದಲು ಚಪ್ಪಲಿ ಬರುತ್ತದೆ. ಹೀಗೆ ಹೊಂದಿಕೊಳ್ಳುವುದರಲ್ಲೇ ಒಂದೆರಡು ವರ್ಷ ಕಳೆದುಹೋಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಈ ಕೀಲು ಇರುವ ಜಾಗದ ಬಗ್ಗೆ ನಮ್ಮಲ್ಲಿ ಬಹುಪಾಲು ಜನರ ಕಲ್ಪನೆಯೇ ಬೇರೆ. ಸೊಂಟ ಎಂದಕೂಡಲೇ ಕೈ ಬೆನ್ನಿನ ಕೆಳಭಾಗಕ್ಕೋ ಪಕ್ಕದ ಮೂಳೆಗೋ ಹೋಗುತ್ತದೆ. ನಿಜವಾದ ಕೀಲು ಇರುವುದು ಮುಂದೆ, ತೊಡೆಸಂದಿನ ಆಳದಲ್ಲಿ. ಒರಳಿನ ಗುಂಡಿಯಲ್ಲಿ ರುಬ್ಬುವ ಗುಂಡು ಕೂತಿರುವಂತೆ ತೊಡೆಮೂಳೆಯ ಉರುಟಾದ ತಲೆ ಸೊಂಟದ ಮೂಳೆಯ ಕುಳಿಯೊಳಗೆ ಕೂತಿರುತ್ತದೆ. ಎರಡರ ಮೇಲೂ ನುಣುಪಾದ ಮೃದ್ವಸ್ಥಿಯ ಲೇಪ, ಸುತ್ತಲೂ ದಪ್ಪ ಪೊರೆಯ ಚೀಲ, ಅದರ ಮೇಲೆ ದೇಹದ ಅತಿ ಬಲವಾದ ಸ್ನಾಯುಗಳ ಪದರ. ಮೊಣಕಾಲು ಊದಿದರೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಸೊಂಟದ ಕೀಲು ಊದಿದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಅದು ನೋವಿನ ಜಾಗದಿಂದ ಮತ್ತು ಚಲನೆಯ ಕೊರತೆಯಿಂದಷ್ಟೇ ಮಾತಾಡಬೇಕು.

ಆ ನೋವಾದರೂ ಇದ್ದಲ್ಲೇ ಇರುತ್ತದೆಯೇ ಎಂದರೆ ಅದೂ ಇಲ್ಲ. ಸೊಂಟದ ಕೀಲಿಗೆ ಸಂವೇದನೆ ಒದಗಿಸುವ ಫೆಮೊರಲ್ ಮತ್ತು ಆಬ್ಟ್ಯುರೇಟರ್ ಎಂಬ ನರಗಳೇ ತೊಡೆಯ ಮುಂಭಾಗ, ಒಳಭಾಗ ಮತ್ತು ಮೊಣಕಾಲಿಗೂ ಕವಲೊಡೆದು ಹೋಗುತ್ತವೆ. ಕೀಲಿನಿಂದ ಹೊರಟ ನೋವಿನ ಸಂದೇಶವನ್ನು ಮಿದುಳು ಆ ನರ ಓಡಾಡುವ ಬೇರೆ ಜಾಗದ್ದೆಂದು ಓದಿಕೊಳ್ಳುವುದುಂಟು. ಹೀಗಾಗಿ ಸವೆದಿರುವುದು ತೊಡೆಸಂದಿನೊಳಗಿನ ಕೀಲಾದರೂ ನೋಯುವುದು ತೊಡೆಯ ಮುಂಭಾಗವೋ ಮೊಣಕಾಲೋ ಆಗಿರಬಹುದು. ಕೆಲವರಿಗೆ ತೊಡೆಸಂದಿನಲ್ಲಿ ಏನೂ ಇಲ್ಲದೆ ಮೊಣಕಾಲೊಂದೇ ನೋಯುತ್ತದೆ.

ಇದು ವಾಸ್ತವದಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡಬಹುದು. ಇದು ಯಾರೋ ಒಬ್ಬರ ಕಥೆಯಲ್ಲ. ಮೂಳೆ ವೈದ್ಯರ ಕೋಣೆಗೆ ಪದೇ ಪದೇ ಬರುವ ದೂರುಗಳನ್ನು ಒಬ್ಬರ ಮೇಲೆ ಇಟ್ಟು ಕಟ್ಟಿದ್ದು.

ಐವತ್ತಮೂರು ವರ್ಷದ ಒಬ್ಬ ಪ್ರೌಢಶಾಲಾ ಶಿಕ್ಷಕಿ. ದಿನವಿಡೀ ನಿಂತು ಪಾಠ ಮಾಡಿದ ಮೇಲೆ ಸಂಜೆಗೆ ಬಲತೊಡೆಯ ಮುಂಭಾಗ ಎಳೆದಂತಾಗುವುದರಿಂದ ಶುರುವಾಯಿತು. ರಾತ್ರಿ ಮಲಗಿದರೆ ಸರಿಹೋಗುತ್ತಿತ್ತು. ಕೆಲ ತಿಂಗಳಲ್ಲಿ ನೋವು ಮೊಣಕಾಲಿನ ಒಳಭಾಗಕ್ಕೆ ಇಳಿಯಿತು. ಬಸ್ಸಿನಲ್ಲಿ ಒಂದು ಗಂಟೆ ಕೂತು ಏಳುವಾಗ ಕಾಲು ಹಿಡಿದುಕೊಂಡಂತಾಗಿ, ಮೊದಲ ನಾಲ್ಕೈದು ಹೆಜ್ಜೆ ಕುಂಟಿ, ಆಮೇಲೆ ಸಲೀಸಾಗುತ್ತಿತ್ತು. ಮೊದಲು ತೋರಿಸಿದಲ್ಲಿ ಮೊಣಕಾಲಿನ ಎಕ್ಸ್‌ರೇ ತೆಗೆದರು. ಆ ವಯಸ್ಸಿಗೆ ಸಹಜವಾದಷ್ಟು ಸವೆತ ಅದರಲ್ಲಿ ಕಂಡಿತು. ಮಾತ್ರೆ, ಮುಲಾಮು, ಮೊಣಕಾಲಿಗೆ ಹಾಕುವ ಬೆಲ್ಟು ಎಲ್ಲ ಆಯಿತು. ಹೆಚ್ಚೇನೂ ಇಳಿಯಲಿಲ್ಲ. ಎರಡನೇ ಕಡೆ ತೊಡೆಯವರೆಗೂ ನೋವಿದೆ ಎಂದಾಗ ಬೆನ್ನಿನ ಎಂಆರ್‌ಐ ಮಾಡಿಸಿದರು. ವರದಿಯಲ್ಲಿ ಕೆಳಬೆನ್ನಿನ ಒಂದು ಡಿಸ್ಕ್ ಉಬ್ಬಿದೆ ಎಂದು ಬಂತು. ಚಿಕಿತ್ಸೆ ಬೆನ್ನಿಗೆ ತಿರುಗಿತು.

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಮೊಣಕಾಲಿನಲ್ಲಿ ಸವೆತ ಇದ್ದದ್ದು ನಿಜ, ಡಿಸ್ಕ್ ಉಬ್ಬಿದ್ದೂ ನಿಜ. ಆದರೆ ಬೆನ್ನುನೋವೇ ಇಲ್ಲದ ಐವತ್ತರ ಪ್ರಾಯದವರ ಬೆನ್ನನ್ನು ಸ್ಕ್ಯಾನ್ ಮಾಡಿದರೂ ಸುಮಾರು ಶೇ. 60 ಮಂದಿಯಲ್ಲಿ ಡಿಸ್ಕ್ ಉಬ್ಬು ಕಾಣುತ್ತದೆ ಎಂದು 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ವಿಮರ್ಶೆ ತೋರಿಸಿದೆ. ಚಿತ್ರದಲ್ಲಿ ಏನೋ ಕಂಡಿತು ಎಂದ ಮಾತ್ರಕ್ಕೆ ನೋವಿನ ಮೂಲ ಅದೇ ಎಂದಾಗುವುದಿಲ್ಲ. ಸ್ಕ್ಯಾನ್‌ಗೆ ಬರೆದುಕೊಡುವ ಮುನ್ನ ರೋಗಿಯ ಕಾಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಬೇಕಿತ್ತು. ಎರಡು ನಿಮಿಷದ ಆ ಕೆಲಸ ನಡೆಯದೇ ಹೋದದ್ದರಿಂದ ಎಂಟು ತಿಂಗಳು ಹೋಯಿತು.

ಮೂರನೇ ವೈದ್ಯರು ಆಕೆ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವುದನ್ನೇ ಗಮನಿಸಿದರು. ಬಲಗಾಲಿನ ಮೇಲೆ ಭಾರ ನಿಲ್ಲುವ ಹೊತ್ತು ಕಡಿಮೆ, ಹೆಜ್ಜೆ ಚಿಕ್ಕದು, ಪಾದ ತುಸು ಹೊರಕ್ಕೆ ತಿರುಗಿದೆ.

“ನೋವು ಎಲ್ಲಿ ಅಂತ ಬಾಯಲ್ಲಿ ಹೇಳಬೇಡಿ ಮೇಡಂ, ಕೈಯಿಟ್ಟು ತೋರಿಸಿ.”

ಆಕೆ ಬಲಗೈಯ ಹೆಬ್ಬೆರಳನ್ನು ಸೊಂಟದ ಹಿಂಬದಿಗೆ, ಉಳಿದ ಬೆರಳುಗಳನ್ನು ಮುಂದೆ ತೊಡೆಸಂದಿಗೆ ಬರುವಂತೆ ಪಕ್ಕದಿಂದ ಹಿಡಿದು ತೋರಿಸಿದರು. ಹೀಗೆ ಹಿಡಿದಾಗ ಕೈ ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರಕ್ಕೆ ಬರುವುದರಿಂದ ವೈದ್ಯರು ಇದನ್ನು ‘ಸಿ ಸೈನ್’ ಎನ್ನುತ್ತಾರೆ. ಆಳದಲ್ಲೆಲ್ಲೋ ಇರುವ, ಒಂದೇ ಬೆರಳಿನಿಂದ ಮುಟ್ಟಲಾಗದ ನೋವನ್ನು ತೋರಿಸಲು ಜನ ಸಹಜವಾಗಿ ಹೀಗೆ ಹಿಡಿಯುತ್ತಾರೆ. ಇದೊಂದರಿಂದಲೇ ರೋಗ ನಿರ್ಧಾರವಾಗುವುದಿಲ್ಲ, ಆದರೆ ಅನುಮಾನ ಎಲ್ಲಿಗೆ ಹೋಗಬೇಕೆಂಬುದು ತಿಳಿಯುತ್ತದೆ.

“ಕಾಲಿನ ಉಗುರು ನೀವೇ ಕತ್ತರಿಸಿಕೊಳ್ತೀರಾ?”

“ಎಡಗಾಲಿಂದು ನಾನೇ ತೆಗೀತೀನಿ ಸರ್. ಬಲಗಾಲಿಗೆ ಕೈ ಎಟುಕಲ್ಲ, ಮಗಳು ತೆಗೀತಾಳೆ.”

“ಎಷ್ಟು ದಿನದಿಂದ?”

“ಹೋದ ದೀಪಾವಳಿಗೂ ಮುಂಚಿನಿಂದ ಇರಬೇಕು.”

ಇದನ್ನು ಆಕೆ ಹಿಂದಿನ ಇಬ್ಬರಿಗೂ ಹೇಳಿರಲಿಲ್ಲ. ಅದು ರೋಗದ ಲಕ್ಷಣ ಎಂದು ಆಕೆಗೆ ಅನಿಸಿರಲಿಲ್ಲ, ಅವರಿಬ್ಬರೂ ಕೇಳಿರಲಿಲ್ಲ.

ಆಮೇಲೆ ಮಂಚದ ಮೇಲೆ ಅಂಗಾತ ಮಲಗಿಸಿದರು. ಈ ಪರೀಕ್ಷೆಯ ಕ್ರಮವನ್ನು ಕೊಂಚ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ರೋಗ ಪತ್ತೆಯಾಗುವುದು ಹೆಚ್ಚಾಗಿ ಇಲ್ಲೇ. ವೈದ್ಯರು ಮೊದಲು ನೋವಿಲ್ಲದ ಎಡಗಾಲನ್ನು ಹಿಡಿದರು. ತೊಡೆ ಮೇಲಕ್ಕೆ ನೇರವಾಗಿ ನಿಲ್ಲುವಂತೆ, ಮೊಣಕಾಲು ಲಂಬಕೋನಕ್ಕೆ ಮಡಚಿರುವಂತೆ ಇಟ್ಟುಕೊಂಡು, ಮೊಣಕಾಲನ್ನು ಅಲುಗಿಸದೆ ಪಾದವನ್ನು ಮಾತ್ರ ಹೊರಬದಿಗೆ ಒಯ್ದರು. ಪಾದ ಹೊರಗೆ ಹೋದಾಗ ತೊಡೆಮೂಳೆಯ ತಲೆ ಕುಳಿಯೊಳಗೆ ಒಳಮುಖವಾಗಿ ತಿರುಗುತ್ತದೆ. ಎಡಗಾಲು ಸುಮಾರು 35 ಡಿಗ್ರಿಯವರೆಗೆ ಆರಾಮವಾಗಿ ಹೋಯಿತು. ಬಲಗಾಲಿನಲ್ಲಿ ಹೀಗೇ ಮಾಡಿದಾಗ 5 ಡಿಗ್ರಿ ಕೂಡ ದಾಟಲಿಲ್ಲ. ಪಾದ ನಿಂತೇಹೋಯಿತು, ಇನ್ನೂ ಒತ್ತಿದರೆ ಇಡೀ ಸೊಂಟವೇ ಮಂಚದಿಂದ ಏಳುತ್ತಿತ್ತು. ಅದೇ ಕ್ಷಣ ಆಕೆ ತೊಡೆಸಂದು ಹಿಡಿದುಕೊಂಡು, “ಅದೇ ಸರ್, ಅದೇ ನೋವು” ಎಂದರು.

ಸಂಧಿವಾತ ಶುರುವಾದ ಸೊಂಟದ ಕೀಲು ಸಾಮಾನ್ಯವಾಗಿ ಮೊದಲು ಕಳೆದುಕೊಳ್ಳುವುದು ಈ ಒಳತಿರುವನ್ನೇ. ಕೀಲಿನ ಸುತ್ತಲಿನ ಪೊರೆ ಉರಿಯೂತದಿಂದ ದಪ್ಪವಾಗಿ ಕುಗ್ಗಿರುತ್ತದೆ. ತೊಡೆ ಒಳಕ್ಕೆ ತಿರುಗಿದಾಗ ಆ ಪೊರೆ ಬಿಗಿಯುತ್ತದೆ, ಹೊರಕ್ಕೆ ತಿರುಗಿ ತುಸು ಮಡಚಿಕೊಂಡಾಗ ಸಡಿಲವಾಗುತ್ತದೆ. ಕಾಲು ತನಗರಿಯದೆಯೇ ಆ ಸಡಿಲ ಭಂಗಿಯನ್ನು ಹುಡುಕಿಕೊಳ್ಳುತ್ತದೆ. ಆಕೆ ಪಾದ ಹೊರಕ್ಕೆ ತಿರುಗಿಸಿ ನಡೆಯುತ್ತಿದ್ದದ್ದೂ ಇದರಿಂದಲೇ.

ವೈದ್ಯರು ಇನ್ನೆರಡು ಪರೀಕ್ಷೆ ಮಾಡಿದರು. ಎಡ ಮೊಣಕಾಲನ್ನು ಎದೆಗೆ ತಬ್ಬಿಕೊಳ್ಳಲು ಹೇಳಿದಾಗ, ಮಂಚದ ಮೇಲೆ ಚಾಚಿ ಮಲಗಿರಬೇಕಿದ್ದ ಬಲತೊಡೆ ತಾನಾಗಿ ಮೇಲೆದ್ದಿತು. ಕೀಲು ಪೂರ್ತಿ ನೇರವಾಗುವುದನ್ನು ಆಗಲೇ ಮರೆತಿದೆ ಎಂದರ್ಥ. ಬಲಗಾಲೊಂದರ ಮೇಲೆ ನಿಲ್ಲಿಸಿದಾಗ ಎಡಬದಿಯ ಸೊಂಟ ಕೆಳಕ್ಕೆ ವಾಲಿತು. ಬಲಸೊಂಟದ ಸ್ನಾಯುಗಳು ದೇಹವನ್ನು ಸಮವಾಗಿ ಹಿಡಿಯಲಾರದಷ್ಟು ಸೋತಿವೆ. ಬಲ ಮೊಣಕಾಲನ್ನು ಮಡಚಿ ಬಿಡಿಸಿ ನೋಡಿದರೆ ಅದು ಸಲೀಸಾಗಿತ್ತು, ಊತವೂ ಇರಲಿಲ್ಲ.

ಆಮೇಲೆ ಒಂದೇ ಒಂದು ಎಕ್ಸ್‌ರೇ. ಎರಡೂ ಬದಿಯ ಕೀಲುಗಳು ಒಂದೇ ಚಿತ್ರದಲ್ಲಿ ಬರುವಂತೆ ಇಡೀ ಪೆಲ್ವಿಸ್‌ನ ಎಕ್ಸ್‌ರೇ ತೆಗೆಸಿದರು. ಹೀಗೆ ತೆಗೆಯುವುದಕ್ಕೆ ಕಾರಣವಿದೆ: ನೋವಿಲ್ಲದ ಕೀಲಿನ ಜೊತೆ ಹೋಲಿಸಿ ನೋಡಿದಾಗಲೇ ನೋವಿರುವ ಕೀಲಿನ ಸ್ಥಿತಿ ಸ್ಪಷ್ಟವಾಗುತ್ತದೆ. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎರಡು ಮೂಳೆಗಳ ನಡುವೆ ಕಪ್ಪಾಗಿ ಕಾಣುವ ಅಂತರವೇ ಮೃದ್ವಸ್ಥಿಯ ದಪ್ಪಕ್ಕೆ ಅಳತೆ. ಎಡಗಡೆ ಆ ಅಂತರ 4 ಮಿಲಿಮೀಟರ್ ಇತ್ತು. ಬಲಗಡೆ ಮೇಲ್ಭಾಗದಲ್ಲಿ, ಅಂದರೆ ದೇಹದ ಭಾರ ಬೀಳುವಲ್ಲಿ, ಒಂದೂವರೆ ಮಿಲಿಮೀಟರ್‌ಗೆ ಇಳಿದಿತ್ತು. ಕುಳಿಯ ಅಂಚಿನಲ್ಲಿ ಮೂಳೆ ಮುಳ್ಳಿನಂತೆ ಬೆಳೆದಿತ್ತು, ಒತ್ತಡ ಬೀಳುವ ಜಾಗದ ಮೂಳೆ ದಟ್ಟವಾಗಿ ಬೆಳ್ಳಗೆ ಕಾಣುತ್ತಿತ್ತು. ಈ ಮೂರೂ ಸಂಧಿವಾತದ ಗುರುತುಗಳು.

ಚಿತ್ರ ಇನ್ನೊಂದು ಸಂಗತಿಯನ್ನೂ ಹೇಳಿತು. ಆಕೆಯ ಬಲಗಡೆಯ ಕುಳಿ ಹುಟ್ಟಿನಿಂದಲೇ ತುಸು ಆಳ ಕಡಿಮೆ ಇದ್ದದ್ದು. ತೊಡೆಮೂಳೆಯ ತಲೆಯನ್ನು ಅದು ಪೂರ್ತಿ ಮುಚ್ಚಿರಲಿಲ್ಲ. ಇದನ್ನು ಡಿಸ್‌ಪ್ಲಾಸಿಯಾ ಎನ್ನುತ್ತಾರೆ, ಹೆಣ್ಣುಮಕ್ಕಳಲ್ಲಿ ಹೆಚ್ಚು. ಬಾಲ್ಯದಲ್ಲಿ, ಯೌವನದಲ್ಲಿ ಏನೂ ತೊಂದರೆ ಕೊಡದೆ ಇರಬಹುದು. ಆದರೆ ಇಡೀ ಮೈಭಾರ ಕಡಿಮೆ ಜಾಗದ ಮೇಲೆ ಬೀಳುವುದರಿಂದ ಅಲ್ಲಿನ ಮೃದ್ವಸ್ಥಿ ಬೇಗ ಸವೆಯುತ್ತದೆ. ನಡೆಯುವಾಗ ಒಂದು ಕಾಲಿನ ಮೇಲೆ ನಿಂತ ಕ್ಷಣ ಸೊಂಟದ ಕೀಲಿನ ಮೇಲೆ ಮೈತೂಕದ ಎರಡೂವರೆ ಪಟ್ಟಿನಷ್ಟು ಭಾರ ಬೀಳುತ್ತದೆ ಎಂಬುದನ್ನು ನೆನೆದರೆ, ಐವತ್ತಮೂರಕ್ಕೇ ಆ ಕೀಲು ಏಕೆ ಸೋತಿತೆಂದು ಅರ್ಥವಾಗುತ್ತದೆ. ‘ವಯಸ್ಸಾಯಿತು’ ಎಂಬ ಮಾತು ಇಲ್ಲಿ ಪೂರ್ತಿ ನಿಜವಲ್ಲ.

ನಡುವಯಸ್ಸಿನಲ್ಲೇ ಸೊಂಟದ ಕೀಲು ಕೆಟ್ಟಾಗ ಹಿಂದೆ ಹೀಗೆ ಯಾವುದಾದರೂ ಕಾರಣ ಅಡಗಿದೆಯೇ ಎಂದು ನೋಡಲೇಬೇಕು. ಬಾಲ್ಯದಲ್ಲಿ ತೊಡೆಮೂಳೆಯ ತಲೆಗೆ ರಕ್ತ ಕಡಿಮೆಯಾಗಿ ಆಕಾರ ಕೆಡುವ ಪರ್ಥೀಸ್ ಕಾಯಿಲೆ, ಹಳೆಯ ಅಪಘಾತದ ಮುರಿತ, ಬೆನ್ನುಹುರಿಯ ಮೂಳೆಗಳನ್ನು ಬಿಗಿಯಾಗಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇವುಗಳಲ್ಲಿ ಕೆಲವು. ವಂಶವಾಹಿಯಿಂದ ಬರುವುದೂ ಉಂಟು. ಕರ್ನಾಟಕಕ್ಕೆ ಇದರ ಕಹಿ ಅನುಭವವಿದೆ. 1970ರ ದಶಕದಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಸೊಂಟದ ಕೀಲು ನೋಯುತ್ತಾ, ಬಿಗಿಯಾಗುತ್ತಾ, ನಡೆಯಲಾರದ ಸ್ಥಿತಿಗೆ ಬಂದ ಹಲವು ಬಡ ಕುಟುಂಬಗಳು ಬೆಳಕಿಗೆ ಬಂದವು. ಮೊದಮೊದಲು ಗದ್ದೆಗೆ ಹೊಡೆಯುವ ಕೀಟನಾಶಕದ ಮೇಲೂ ಗದ್ದೆಯ ಏಡಿಯ ಮೇಲೂ ಅನುಮಾನ ಬಂದಿತ್ತು. ಮುಂದಿನ ಅಧ್ಯಯನಗಳು ಅದು ಪೀಳಿಗೆಯಿಂದ ಪೀಳಿಗೆಗೆ ಹರಿಯುವ ಮೂಳೆ ಬೆಳವಣಿಗೆಯ ದೋಷವೆಂದು ತೋರಿಸಿದವು. ಹಂದಿಗೋಡು ಕಾಯಿಲೆ ಎಂಬ ಹೆಸರಿನಲ್ಲೇ ಅದು ವೈದ್ಯಕೀಯ ಪುಸ್ತಕ ಸೇರಿದೆ. ಮಲೆನಾಡಿನ ಆ ಮನೆಗಳಲ್ಲಿ ಮಕ್ಕಳು, ಯುವಕರು ಕೂಡ ಕೋಲೂರಿ ನಡೆಯುವಂತಾದದ್ದು ನಮ್ಮ ನೆನಪಿನಿಂದ ಮಾಸಬಾರದು.

ಇಂದು ನಮ್ಮ ನಗರಗಳಲ್ಲಿ ಮೂವತ್ತು, ನಲವತ್ತರ ವಯಸ್ಸಿನವರ ತೊಡೆಸಂದು ನೋವಿಗೆ ವೈದ್ಯರು ಮೊದಲು ನೆನೆಯುವುದು ಇನ್ನೊಂದು ಕಾಯಿಲೆಯನ್ನು. ಅದು ಅವಾಸ್ಕ್ಯುಲಾರ್ ನೆಕ್ರೋಸಿಸ್, ಚಿಕ್ಕದಾಗಿ ಎವಿಎನ್. ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು, ಆ ಭಾಗದ ಮೂಳೆ ಸತ್ತು, ಕೊನೆಗೆ ತಲೆ ಕುಸಿಯುತ್ತದೆ. ಹೆಚ್ಚು ಪ್ರಮಾಣದ ಸ್ಟಿರಾಯ್ಡ್ ಮತ್ತು ಅತಿಯಾದ ಮದ್ಯಪಾನ ಇದರ ಮುಖ್ಯ ಕಾರಣಗಳು. ಕೋವಿಡ್‌ಗೆ ಸ್ಟಿರಾಯ್ಡ್ ಪಡೆದು ಗುಣವಾದವರಲ್ಲಿ ಕೆಲವರಿಗೆ ವಾರಗಳ ನಂತರ ತೊಡೆಸಂದು ನೋವು ಕಾಣಿಸಿಕೊಂಡದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದ್ದರು. ಇದನ್ನು ಸಂಧಿವಾತದಿಂದ ಬೇರೆ ಮಾಡಿ ಗುರುತಿಸಬೇಕಾದ ಕಾರಣ ಸರಳ. ಎವಿಎನ್‌ನ ಮೊದಲ ಹಂತದಲ್ಲಿ ಎಕ್ಸ್‌ರೇ ಪೂರ್ತಿ ಸರಿಯಾಗಿಯೇ ಇರುತ್ತದೆ, ಎಂಆರ್‌ಐಯಲ್ಲಿ ಮಾತ್ರ ಕಾಣುತ್ತದೆ. ಮೂಳೆಯ ತಲೆ ಕುಸಿಯುವ ಮುನ್ನ ಸಿಕ್ಕರೆ ಅದನ್ನು ಉಳಿಸಿಕೊಳ್ಳಲು ಪ್ರಯತ್ನಿಸಬಹುದು. ಕುಸಿದ ಮೇಲೆ ಸಂಧಿವಾತ ತಪ್ಪಿದ್ದಲ್ಲ. ಚರ್ಮಕ್ಕೋ ಉಬ್ಬಸಕ್ಕೋ ಬಹುಕಾಲ ಸ್ಟಿರಾಯ್ಡ್ ಮಾತ್ರೆ ನುಂಗಿದವರು ತೊಡೆಸಂದು ನೋವೆಂದು ಹೋದಾಗ ಆ ವಿಷಯವನ್ನು ಕೇಳದಿದ್ದರೂ ಹೇಳಬೇಕು.

ಹಾಗಾದರೆ ಎಕ್ಸ್‌ರೇಯಲ್ಲಿ ಸವೆತ ಕಂಡರೆ ಸಂಧಿವಾತ, ಕಾಣದಿದ್ದರೆ ಇಲ್ಲ ಎನ್ನಬಹುದೇ? ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಜನರ ಮೇಲೆ ನಡೆದ ಅಧ್ಯಯನವೊಂದು 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಸೊಂಟದ ಕೀಲು ಆಗಾಗ ನೋಯುತ್ತದೆ ಎಂದವರಲ್ಲಿ ಶೇ. 16ರಷ್ಟು ಕೀಲುಗಳಲ್ಲಿ ಮಾತ್ರ ಎಕ್ಸ್‌ರೇಯಲ್ಲಿ ಸಂಧಿವಾತ ಕಂಡಿತು. ಇತ್ತ ಎಕ್ಸ್‌ರೇಯಲ್ಲಿ ಸಂಧಿವಾತ ಕಂಡ ಕೀಲುಗಳಲ್ಲಿ ಆಗಾಗ ನೋಯುತ್ತಿದ್ದದ್ದು ಶೇ. 21ರಷ್ಟು ಮಾತ್ರ. ಚಿತ್ರ ಒಂದನ್ನೇ ನಂಬಿದರೆ ಎರಡೂ ಕಡೆ ಮೋಸಹೋಗಬಹುದು. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿಯಂತೂ, ವಯಸ್ಸು 45 ದಾಟಿದ್ದು, ಓಡಾಡಿದಾಗ ನೋವು ಬರುತ್ತಿದ್ದು, ಬೆಳಗಿನ ಬಿಗಿತ ಇಲ್ಲದಿದ್ದರೆ ಅಥವಾ ಅರ್ಧ ಗಂಟೆ ಮೀರದಿದ್ದರೆ, ಬೇರೆ ಕಾಯಿಲೆಯ ಸುಳಿವು ಇಲ್ಲದಾಗ ಎಕ್ಸ್‌ರೇ ಇಲ್ಲದೆಯೇ ಸಂಧಿವಾತ ಎಂದು ನಿರ್ಧರಿಸಬಹುದು ಎನ್ನುತ್ತದೆ. ನಮ್ಮಲ್ಲಿ ಎವಿಎನ್, ಕ್ಷಯ, ಡಿಸ್‌ಪ್ಲಾಸಿಯಾಗಳೂ ಎದುರಾಗುವುದರಿಂದ ಒಂದು ಪೆಲ್ವಿಸ್ ಎಕ್ಸ್‌ರೇ ತೆಗೆಸುವುದೇ ಒಳ್ಳೆಯದು. ಆದರೆ ಅದು ಕಾಲು ತಿರುಗಿಸಿ ನೋಡುವ ಪರೀಕ್ಷೆಯ ಬದಲಿಗೆ ಅಲ್ಲ, ಅದರ ನಂತರ.

ಬೆಳಗಿನ ಬಿಗಿತದ ಅವಧಿಗೆ ಇಷ್ಟೊಂದು ಬೆಲೆ ಏಕೆಂದರೆ, ಸವೆತದ ಸಂಧಿವಾತದಲ್ಲಿ ಹಾಸಿಗೆ ಬಿಟ್ಟೆದ್ದು ಒಂದಿಷ್ಟು ಓಡಾಡುವಷ್ಟರಲ್ಲಿ ಬಿಗಿತ ಸಡಿಲವಾಗುತ್ತದೆ, ಸಂಜೆಗೆ ನೋವು ಏರುತ್ತದೆ. ಉರಿಯೂತದ ಕಾಯಿಲೆಗಳಲ್ಲಿ ಇದು ತಿರುಗುಮುರುಗು: ಬಿಗಿತ ಗಂಟೆಗಟ್ಟಲೆ ಇರುತ್ತದೆ, ಓಡಾಡಿದಷ್ಟೂ ಹಗುರವಾಗುತ್ತದೆ, ಮಲಗಿದಾಗ ಹೆಚ್ಚುತ್ತದೆ. ರಕ್ತದಲ್ಲಿ ಯೂರಿಕ್ ಆಮ್ಲ, ಆರ್‌ಎ ಫ್ಯಾಕ್ಟರ್ ಪರೀಕ್ಷೆಗಳನ್ನು ತಾವಾಗಿಯೇ ಮಾಡಿಸಿಕೊಂಡು ಬರುವವರು ಬಹಳ. ಸವೆತದ ಸಂಧಿವಾತವನ್ನು ಪತ್ತೆಹಚ್ಚುವ ರಕ್ತಪರೀಕ್ಷೆ ಇಲ್ಲ. ಉರಿಯೂತ, ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಇಎಸ್‌ಆರ್, ಸಿಆರ್‌ಪಿ ಸಹಾಯಕ್ಕೆ ಬರುತ್ತವೆ, ಅಷ್ಟೇ.

ಸೊಂಟದ ಸುತ್ತಲಿನ ಎಲ್ಲ ನೋವೂ ಕೀಲಿನದ್ದಲ್ಲ ಎಂಬುದನ್ನೂ ಹೇಳಬೇಕು. ಪಕ್ಕದಲ್ಲಿ ಕೈಗೆ ಸಿಗುವ ಮೂಳೆಯ ಮೇಲೆ ಒತ್ತಿದರೆ ನೋಯುತ್ತಿದ್ದು, ಆ ಮಗ್ಗುಲಿಗೆ ಮಲಗಲು ಆಗದಿದ್ದರೆ ಅದು ಬಹುಮಟ್ಟಿಗೆ ಅಲ್ಲಿನ ಸ್ನಾಯುರಜ್ಜುಗಳ ತೊಂದರೆ. ಅಂಥವರು ಕಾಲುಚೀಲವನ್ನು ಕಷ್ಟವಿಲ್ಲದೆ ಹಾಕಿಕೊಳ್ಳುತ್ತಾರೆ. ಪೃಷ್ಠದಿಂದ ಹೊರಟು ಮೊಣಕಾಲು ದಾಟಿ ಪಾದದವರೆಗೆ ಸೆಳೆತ, ಜೋಮು ಇದ್ದರೆ ಬೆನ್ನಿನ ನರದ ಕಡೆ ನೋಡಬೇಕು. ತೊಡೆಯ ಹೊರಬದಿಯ ಚರ್ಮ ಉರಿದು, ಮುಟ್ಟಿದರೆ ಮರಗಟ್ಟಿದಂತಿದ್ದರೆ ಬಿಗಿ ಬೆಲ್ಟಿನ ಕೆಳಗೆ ಒಂದು ನರ ಒತ್ತಿಕೊಂಡಿರಬಹುದು. ಕೆಮ್ಮಿದಾಗ ತೊಡೆಸಂದಿನಲ್ಲಿ ಉಬ್ಬಿ ಬಂದರೆ ಹರ್ನಿಯಾ.

ಬೆನ್ನೂ ಕೆಟ್ಟಿದೆ, ಸೊಂಟದ ಕೀಲೂ ಕೆಟ್ಟಿದೆ, ನೋವು ಯಾವುದರದ್ದು ಎಂಬುದೇ ತಿಳಿಯದು ಎನ್ನುವ ರೋಗಿಗಳೂ ಇದ್ದಾರೆ. ಅಂಥವರಲ್ಲಿ ಅಲ್ಟ್ರಾಸೌಂಡ್ ನೋಡಿಕೊಂಡು ಸೊಂಟದ ಕೀಲಿನೊಳಕ್ಕೇ ಮರಗಟ್ಟಿಸುವ ಔಷಧಿ ಚುಚ್ಚುತ್ತಾರೆ. ಮುಂದಿನ ಕೆಲವು ಗಂಟೆ ನೋವು ಮಾಯವಾದರೆ ಅದು ಕೀಲಿನದ್ದೇ. ಹಾಗೇ ಉಳಿದರೆ ಮೂಲ ಬೇರೆ ಕಡೆ ಹುಡುಕಬೇಕು. ಸೊಂಟದ ಕೀಲನ್ನು ಬದಲಾಯಿಸಿದ ಮೇಲೂ ಬೆನ್ನಿನ ನೋವು ಹಾಗೇ ಉಳಿದು ರೋಗಿ ಕಂಗಾಲಾಗುವುದನ್ನು ಈ ಒಂದು ಚುಚ್ಚುಮದ್ದು ತಪ್ಪಿಸಬಲ್ಲದು.

ಉದಾಹರಣೆಯ ಶಿಕ್ಷಕಿಗೆ ತಕ್ಷಣ ಶಸ್ತ್ರಚಿಕಿತ್ಸೆ ಬೇಕಿರಲಿಲ್ಲ. ಸೊಂಟ, ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಬಳಿ ಕಲಿತರು. ಊರುಗೋಲನ್ನು ಎಡಗೈಯಲ್ಲಿ ಹಿಡಿಯಬೇಕೆಂದು ಹೇಳಿಸಿಕೊಂಡರು. ನೋವಿರುವ ಬದಿಗೇ ಕೋಲೂರುವವರು ಬಹಳ ಮಂದಿ, ಆದರೆ ಎದುರು ಕೈಯಲ್ಲಿ ಹಿಡಿದಾಗಲೇ ಕೀಲಿನ ಮೇಲಿನ ಭಾರ ಇಳಿಯುವುದು. ಕಮೋಡ್, ಎತ್ತರದ ಕುರ್ಚಿ ಬಂದವು. ನೋವಿನ ಮಾತ್ರೆಯನ್ನು ಮೂತ್ರಪಿಂಡ, ಹೊಟ್ಟೆಯ ಸ್ಥಿತಿ ನೋಡಿ, ನೋವು ಹೆಚ್ಚಿದ ದಿನಗಳಿಗೆ ಮಾತ್ರ ಕೊಟ್ಟರು. ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವ ಮಾತ್ರೆ ಇಲ್ಲ ಎಂದೂ ವೈದ್ಯರು ಸ್ಪಷ್ಟವಾಗಿ ಹೇಳಿದರು. ರಾತ್ರಿ ನಿದ್ದೆ ಕೆಡುವಂತಾದಾಗ, ಅರ್ಧ ಕಿಲೋಮೀಟರ್ ನಡೆಯಲಾಗದಂತಾದಾಗ ಕೀಲು ಬದಲಾವಣೆಯ ಮಾತು ಬರುತ್ತದೆ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 1962ರಲ್ಲಿ ರೂಢಿಗೆ ತಂದ ಈ ಶಸ್ತ್ರಚಿಕಿತ್ಸೆ ಇಂದು ತುಂಬ ಪಳಗಿದೆ. ಹೀಗೆ ಹಾಕಿದ ಕೀಲುಗಳಲ್ಲಿ ಶೇ. 58ರಷ್ಟು 25 ವರ್ಷ ಬಾಳುತ್ತವೆ ಎಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನ ಅಂದಾಜು ಮಾಡಿತು. ನಡುವಯಸ್ಸಿನವರು ಅವಸರಪಡದಿರಲು ಈ ಅಂಕಿಯೇ ಕಾರಣ, ಅನಗತ್ಯವಾಗಿ ಹೆದರದಿರಲೂ ಇದೇ ಕಾರಣ. ಮರ್ರೆ ಅದೇ ತಿಂಗಳು ಲಂಡನ್ನಿನಲ್ಲಿ ತೊಡೆಮೂಳೆಯ ತಲೆಗೆ ಲೋಹದ ಹೊದಿಕೆ ಹಾಕಿಸಿಕೊಂಡರು. ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದರು.

ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಸುಲಭ ಪರೀಕ್ಷೆ ಇದೆ. ಪಾದಗಳು ನೆಲಕ್ಕೆ ತಾಗದಷ್ಟು ಎತ್ತರದ ಮೇಜಿನ ಅಂಚಿನಲ್ಲಿ ನೆಟ್ಟಗೆ ಕೂತು, ಎರಡು ಮೊಣಕಾಲುಗಳನ್ನೂ ಒಂದಕ್ಕೊಂದು ತಾಗಿಸಿಕೊಂಡು, ಪಾದಗಳನ್ನು ಎರಡೂ ಬದಿಗೆ ಆದಷ್ಟು ಅಗಲಿಸಿ. ಒಂದು ಪಾದ ಚೆನ್ನಾಗಿ ಹೋಗಿ ಇನ್ನೊಂದು ಅರ್ಧದಲ್ಲೇ ನಿಂತು, ಆ ಬದಿಯ ತೊಡೆಸಂದು ನೋಯುತ್ತದೆಯೇ ನೋಡಿ. ಹಾಗಾದರೆ ಅದೇ ರೋಗ ಎಂದು ತೀರ್ಮಾನಿಸಬೇಕಿಲ್ಲ, ಆದರೆ ವೈದ್ಯರಿಗೆ ತಪ್ಪದೆ ತಿಳಿಸಿ. ತೊಡೆ ಅಥವಾ ಮೊಣಕಾಲಿನ ನೋವಿಗೆ ತೋರಿಸಲು ಹೋದಾಗ ಉಗುರು ಕತ್ತರಿಸಲು ಆಗುತ್ತದೆಯೇ, ನೆಲದ ಮೇಲೆ ಕೂತಾಗ ಒಂದು ಮೊಣಕಾಲು ಇನ್ನೊಂದಕ್ಕಿಂತ ಎತ್ತರದಲ್ಲೇ ನಿಲ್ಲುತ್ತದೆಯೇ, ಸ್ಟಿರಾಯ್ಡ್ ತೆಗೆದುಕೊಂಡಿದ್ದೀರೇ ಎಂಬುದನ್ನು ನೀವೇ ಹೇಳಿ. “ಸೊಂಟದ ಕೀಲನ್ನೂ ಒಮ್ಮೆ ತಿರುಗಿಸಿ ನೋಡಿ ಡಾಕ್ಟ್ರೇ” ಎಂದು ಕೇಳಲು ಸಂಕೋಚ ಬೇಡ. ನೋವಿನ ಜೊತೆ ಜ್ವರ ಬಂದರೆ, ತೂಕ ಇಳಿಯುತ್ತಿದ್ದರೆ, ಅಲುಗಾಡದೆ ಮಲಗಿದ್ದಾಗಲೂ ನೋವು ಬಿಡದಿದ್ದರೆ, ಇಲ್ಲವೇ ಇದ್ದಕ್ಕಿದ್ದಂತೆ ಕಾಲಿನ ಮೇಲೆ ಭಾರ ಹಾಕಲಾಗದಿದ್ದರೆ ಸೋಂಕು ಅಥವಾ ಮುರಿತದ ಸಾಧ್ಯತೆಯಿದೆ. ಅಂದೇ ಆಸ್ಪತ್ರೆಗೆ ಹೋಗಿ.